ಕಥಾ ಸ್ಪರ್ಧೆಯ ಪ್ರಕಟಣೆಯಲ್ಲಿ ತೀರ್ಪುಗಾರರ ಪರಿಚಯ: ಮೂರು ಸಾಲಿನಲ್ಲಿ ಏನನ್ನು ಉಳಿಸಬೇಕು?

ಓದುಬಳಗದ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಾವು ಕೆಲವರು ಸೇರಿ ನಡೆಸುತ್ತಿರುವ ಓದುಗರ ಬಳಗದಿಂದ ಈ ಬಾರಿ ದೀಪಾವಳಿಗೆ ಸಣ್ಣಕಥೆಯ ಸ್ಪರ್ಧೆಯನ್ನು ಏರ್ಪಡಿಸುತ್ತಿದ್ದೇವೆ. ತೀರ್ಪುಗಾರರು ಮೂವರು. ಪೋಸ್ಟರಿನಲ್ಲಿ ಪ್ರತಿಯೊಬ್ಬರ ಭಾವಚಿತ್ರ ಮತ್ತು ಹೆಸರಿನ ಕೆಳಗೆ ಮೂರು ಸಾಲಿನಷ್ಟು ಜಾಗವಿದೆ. ಆ ಮೂರು ಸಾಲನ್ನು ಬರೆಯುವ ಹೊಣೆ ನನ್ನದು.

ಕಳೆದ ವರ್ಷ ಇದೇ ವಿಷಯದಲ್ಲಿ ನನ್ನಿಂದ ತಪ್ಪಾಗಿತ್ತು. ತೀರ್ಪುಗಾರರೊಬ್ಬರ ಹೆಸರಿನ ಕೆಳಗೆ ‘ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪುರಸ್ಕೃತರು’ ಎಂದು ಅಚ್ಚು ಹಾಕಿಸಿದ್ದೆ. ಅವರಿಗೆ ದೊರೆತದ್ದು ಕರ್ನಾಟಕ ಸಾಹಿತ್ಯ ಅಕಾಡೆಮಿಯ ದತ್ತಿ ಬಹುಮಾನ. ಪೋಸ್ಟರು ವಾಟ್ಸಾಪಿನಲ್ಲಿ ಊರೆಲ್ಲ ಹರಿದಾಡಿದ ಮೇಲೆ ಓದುಗರೊಬ್ಬರು ‘ಯಾವ ವರ್ಷ, ಯಾವ ಕೃತಿಗೆ?’ ಎಂದು ನೇರವಾಗಿ ಆ ಹಿರಿಯರನ್ನೇ ಕೇಳಿದರು. ಅವರು ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಆದರೆ ತಾವು ಹೇಳಿಕೊಳ್ಳದ ಪ್ರಶಸ್ತಿಗೆ ತಾವೇ ಸಮಜಾಯಿಷಿ ಕೊಡಬೇಕಾಗಿ ಬಂದದ್ದು ಅವರಿಗೆ ಎಷ್ಟು ನೋವು ಕೊಟ್ಟಿತೆಂದು ನನಗೆ ಗೊತ್ತು.

ಈ ಸಲ ಎರಡನೆಯ ತೀರ್ಪುಗಾರರು ತಮ್ಮ ಪರಿಚಯವನ್ನು ತಾವೇ ಕಳುಹಿಸಿದ್ದಾರೆ. ಹೆಸರು, ಶೀರ್ಷಿಕೆಗಳನ್ನು ಬಿಟ್ಟು ಅದನ್ನು ಇಲ್ಲಿ ಹಾಕುತ್ತಿದ್ದೇನೆ:

‘ನಾಡಿನ ಖ್ಯಾತ ಕಥೆಗಾರ್ತಿ, ಕವಯಿತ್ರಿ, ವಿಮರ್ಶಕಿ, ಅಂಕಣಕಾರ್ತಿ, ಸಂಘಟಕಿ ಹಾಗೂ ಅಕಾಡೆಮಿ ಪ್ರಶಸ್ತಿ ಪುರಸ್ಕೃತರಾದ ಡಾ. ——— ಅವರು ತೀರ್ಥಹಳ್ಳಿ ತಾಲ್ಲೂಕಿನವರು. ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕಾದಂಬರಿ ಪ್ರಕಾರವನ್ನು ಕುರಿತು ಸಂಶೋಧನೆ ನಡೆಸಿ, 28 ವರ್ಷ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಅಧ್ಯಾಪಕರಾಗಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದಾರೆ. ಇದುವರೆಗೆ 14 ಕೃತಿಗಳು ಪ್ರಕಟವಾಗಿವೆ. ದಸರಾ ಕವಿಗೋಷ್ಠಿ, ಆಕಾಶವಾಣಿ ಹಾಗೂ ಹಲವು ಸಾಹಿತ್ಯ ಸಮ್ಮೇಳನಗಳಲ್ಲಿ ಭಾಗವಹಿಸಿದ್ದಾರೆ. ರಾಜ್ಯೋತ್ಸವ ಪ್ರಶಸ್ತಿ ಸೇರಿದಂತೆ ಹತ್ತು ಹಲವು ಪ್ರಶಸ್ತಿ, ಸನ್ಮಾನಗಳಿಗೆ ಭಾಜನರಾಗಿದ್ದಾರೆ.’

ಇದನ್ನು ಅವರ ಗೌರವಕ್ಕೆ ಕುಂದು ಬಾರದಂತೆ ಮೂರು ಸಾಲಿಗೆ ಇಳಿಸುವುದು ಹೇಗೆ?

ತುಂಗೆಯ ದಂಡೆ

ಸ್ಪರ್ಧೆಗೆ ಕಥೆ ಕಳುಹಿಸುವವರೂ ಮೂರು ಸಾಲಿನ ಪರಿಚಯವನ್ನು ಬರೆಯಬೇಕೇ? ನಾನು ಗೃಹಿಣಿ, ಇದುವರೆಗೆ ಎರಡು ಕಥೆಗಳು ಮಾತ್ರ ಪ್ರಕಟವಾಗಿವೆ. ಅಷ್ಟನ್ನೇ ಬರೆದರೆ ನನ್ನ ಕಥೆಯನ್ನು ಬದಿಗಿಡುತ್ತಾರೆಯೇ ಎಂಬ ಅಳುಕು ಇದೆ.

ಓದುಬಳಗದ ಕಾರ್ಯದರ್ಶಿ

ಇಲ್ಲ, ಇದು ತೀರ್ಪುಗಾರರ ಪರಿಚಯದ ಮಾತು. ನಿಮ್ಮ ಕಥೆ ತೀರ್ಪುಗಾರರ ಕೈಗೆ ಹೋಗುವಾಗ ಅದರ ಮೇಲೆ ಹೆಸರು ಇರುವುದಿಲ್ಲ, ಕ್ರಮಸಂಖ್ಯೆ ಮಾತ್ರ ಇರುತ್ತದೆ. ನಿಶ್ಚಿಂತೆಯಿಂದ ಕಳುಹಿಸಿ.

ನೀಲಿ ಶಾಯಿ

ನಾನು ವಾರಪತ್ರಿಕೆಯೊಂದರ ಸಂಪಾದಕೀಯ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿ, ವಿಶೇಷಾಂಕದ ಕಥಾ ಸ್ಪರ್ಧೆಗಳ ಪ್ರಕಟಣೆಗಳನ್ನು ಸಿದ್ಧಪಡಿಸಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ.

ಈ ಪರಿಚಯವನ್ನು ಓದುವವರು ಯಾರೆಂಬುದನ್ನು ಮೊದಲು ಯೋಚಿಸಿ. ಸನ್ಮಾನ ಸಮಾರಂಭದ ಸಭಿಕರು ಇದನ್ನು ಓದುವುದಿಲ್ಲ. ಆರು ತಿಂಗಳು ತಿದ್ದಿದ ಕಥೆಯೊಂದನ್ನು ಈ ಸ್ಪರ್ಧೆಗೆ ಕಳುಹಿಸಲೋ, ದೊಡ್ಡ ಪತ್ರಿಕೆಯ ಸ್ಪರ್ಧೆಗಾಗಿ ಕಾದಿಡಲೋ ಎಂದು ತೂಗಿ ನೋಡುತ್ತಿರುವ ಬರಹಗಾರ ಓದುತ್ತಾನೆ. ಅವನಿಗೆ ಬೇಕಾದ ಉತ್ತರ ಒಂದೇ: ಇವರಿಗೆ ಸಣ್ಣಕಥೆಯನ್ನು ಓದಿ ಅಳೆಯಲು ಬರುತ್ತದೆಯೇ? ಅದಕ್ಕೆ ಆಧಾರವಾಗುವ ಸಂಗತಿ ಉಳಿಯಲಿ, ಉಳಿದದ್ದು ಎಷ್ಟೇ ದೊಡ್ಡದಾಗಿದ್ದರೂ ಹೋಗಲಿ.

ನೀವು ಹಾಕಿರುವ ಪರಿಚಯವನ್ನು ಇದೇ ಅಳತೆಯಲ್ಲಿ ನೋಡೋಣ. ‘ನಾಡಿನ ಖ್ಯಾತ’ ಎಂಬುದು ಮೊದಲು ಹೋಗಬೇಕು. ಖ್ಯಾತರಾದವರಿಗೆ ಅದನ್ನು ಹೇಳಬೇಕಾಗಿಲ್ಲ, ಹೆಸರು ಕೇಳದ ಓದುಗರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆಮೇಲೆ ಬರುವ ಐದು ಬಿರುದುಗಳಲ್ಲಿ ಈ ಸ್ಪರ್ಧೆಗೆ ಸಂಬಂಧಿಸಿದ್ದು ‘ಕಥೆಗಾರ್ತಿ’ ಒಂದೇ. ಐದನ್ನೂ ಸಾಲಾಗಿ ಬರೆದರೆ ಯಾವುದು ಇವರ ಮುಖ್ಯ ಕೆಲಸ ಎಂಬುದೇ ಮಸುಕಾಗುತ್ತದೆ. ಹುಟ್ಟೂರು, ಪದವಿ, ಕವಿಗೋಷ್ಠಿಗಳು ಪುಸ್ತಕದ ಬೆನ್ನುಪುಟಕ್ಕೆ ಸರಿಹೊಂದುತ್ತವೆ, ಇಲ್ಲಿ ಜಾಗ ತಿನ್ನುತ್ತವೆ.

ಇನ್ನು ‘14 ಕೃತಿಗಳು’ ಎಂಬ ಸಂಖ್ಯೆ. ಇದರಲ್ಲಿ ಕಥಾಸಂಕಲನಗಳೆಷ್ಟು ಎಂದು ಅವರನ್ನು ಕೇಳಿ. ಎರಡೋ ಮೂರೋ ಇದ್ದರೂ ಆ ಚಿಕ್ಕ ಸಂಖ್ಯೆಯೇ 14ಕ್ಕಿಂತ ಹೆಚ್ಚು ತೂಕದ್ದು, ಏಕೆಂದರೆ ಅದು ಸ್ಪರ್ಧೆಯ ಪ್ರಕಾರಕ್ಕೆ ನೇರವಾಗಿ ತಾಗುತ್ತದೆ. ಒಂದು ಸಂಕಲನದ ಹೆಸರನ್ನಾದರೂ ಕೊಡಿ. ಶೀರ್ಷಿಕೆ ಇದ್ದರೆ ಓದುಗರು ಗ್ರಂಥಾಲಯಕ್ಕೆ ಹೋಗಿ ಆ ಪುಸ್ತಕವನ್ನು ತೆರೆದು ನೋಡಬಹುದು. ಬರಿಯ ಸಂಖ್ಯೆಯನ್ನು ಹಾಗೆ ತೆರೆದು ನೋಡಲಾಗದು.

ಕೊನೆಯದಾಗಿ, ಅವರು ಹಿಂದೆ ಎಲ್ಲಿ ತೀರ್ಪುಗಾರರಾಗಿದ್ದರು, ಯಾವುದಾದರೂ ಕಥಾ ಸಂಚಿಕೆಯನ್ನು ಸಂಪಾದಿಸಿದ್ದಾರೆಯೇ ಎಂದು ವಿಚಾರಿಸಿ. ಚೆನ್ನಾಗಿ ಬರೆಯುವವರೆಲ್ಲ ಬೇರೆಯವರ ಬರಹವನ್ನು ಚೆನ್ನಾಗಿ ಓದುತ್ತಾರೆಂದು ಹೇಳಲಾಗದು. ನೂರಾರು ಕಥೆಗಳನ್ನು ಓದಿ, ಆರಿಸಿ, ಆರಿಸಿದ್ದೇಕೆಂದು ವಿವರಿಸಿ ಅಭ್ಯಾಸವಿರುವವರು ಎಂಬ ಒಂದು ವಾಕ್ಯ ಪ್ರಶಸ್ತಿಗಳ ಇಡೀ ಪಟ್ಟಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ವಿಚಿತ್ರವೆಂದರೆ ಹಿರಿಯರು ತಮ್ಮ ಪರಿಚಯದಲ್ಲಿ ಇದನ್ನೇ ಬರೆಯಲು ಮರೆಯುತ್ತಾರೆ.

ಕಪ್ಪು ಕೋಟು

ಒಂದು ಕಾನೂನಿನ ಅಂಶವನ್ನು ಗಮನಕ್ಕೆ ತರುತ್ತೇನೆ. ಪದ್ಮಶ್ರೀ, ಪದ್ಮಭೂಷಣದಂಥ ಪುರಸ್ಕಾರಗಳನ್ನು ಪ್ರಕಟಣೆಗಳಲ್ಲಿ ನಮೂದಿಸುವಂತಿಲ್ಲ. ಈ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. ಆದ್ದರಿಂದ ನಿಮ್ಮ ತೀರ್ಪುಗಾರರಲ್ಲಿ ಯಾರಿಗಾದರೂ ಅಂಥ ಪುರಸ್ಕಾರ ಬಂದಿದ್ದರೆ ಅದರ ಉಲ್ಲೇಖವನ್ನೇ ಮಾಡಬೇಡಿ.

ನೀಲಿ ಶಾಯಿ

ತೀರ್ಪು ಇರುವುದು ನಿಜ, ಆದರೆ ಅದು ಹೇಳುವುದು ಅಷ್ಟಲ್ಲ. 1995ರ ಡಿಸೆಂಬರಿನಲ್ಲಿ ಬಾಲಾಜಿ ರಾಘವನ್ ಪ್ರಕರಣದಲ್ಲಿ ಸಂವಿಧಾನ ಪೀಠದ ಮುಂದೆ ಬಂದ ಪ್ರಶ್ನೆ, ಸಂವಿಧಾನದ 18ನೇ ವಿಧಿ ಬಿರುದುಗಳನ್ನು ನಿಷೇಧಿಸಿರುವಾಗ ಭಾರತರತ್ನ ಮತ್ತು ಪದ್ಮ ಪುರಸ್ಕಾರಗಳು ಸಿಂಧುವೇ ಎಂಬುದಾಗಿತ್ತು. ಅವು ಬಿರುದುಗಳಲ್ಲ, ಹಾಗಾಗಿ ಸಿಂಧು. ಆದರೆ ಅವನ್ನು ಹೆಸರಿನ ಹಿಂದೆಯೋ ಮುಂದೆಯೋ ಅಂಟಿಸಿ ಬಳಸಬಾರದು ಎಂದು ನ್ಯಾಯಾಲಯ ಹೇಳಿತು. ಅಂದರೆ ‘ಪದ್ಮಶ್ರೀ ———’ ಎಂದು ಹೆಸರಿನ ಭಾಗವಾಗಿ ಅಚ್ಚು ಹಾಕಿಸುವುದು ತಪ್ಪು. ‘ಇಂಥ ವರ್ಷ ಇವರಿಗೆ ಪದ್ಮಶ್ರೀ ಪುರಸ್ಕಾರ ಸಂದಿದೆ’ ಎಂದು ಪರಿಚಯದಲ್ಲಿ ಸಂಗತಿಯಾಗಿ ಹೇಳಲು ಅಡ್ಡಿಯಿಲ್ಲ. ನಮ್ಮ ಆಹ್ವಾನ ಪತ್ರಿಕೆಗಳಲ್ಲಿ ಈ ತಪ್ಪು ಎಷ್ಟು ರೂಢಿಯಾಗಿದೆಯೆಂದರೆ, ಅಂಟಿಸದಿದ್ದರೆ ಅಗೌರವವೆಂದು ಸಂಘಟಕರು ಹೆದರುತ್ತಾರೆ. ಪುರಸ್ಕಾರ ಪಡೆದವರಿಗೇ ಇದರಿಂದ ತೊಂದರೆಯೆಂದು ತಿಳಿಸಿ ಹೇಳಿದರೆ ಒಪ್ಪುತ್ತಾರೆ.

‘ಡಾ.’ ವಿಚಾರ ಬೇರೆ. ಶೈಕ್ಷಣಿಕ ಗೌರವಗಳನ್ನು 18ನೇ ವಿಧಿಯೇ ಹೊರಗಿಟ್ಟಿದೆ. ಇವರು ಸಂಶೋಧನೆ ನಡೆಸಿ ಪದವಿ ಪಡೆದವರಾದ್ದರಿಂದ ಹೆಸರಿನ ಮುಂದೆ ‘ಡಾ.’ ಇರಲಿ, ಅದರ ವಿವರಣೆಗೆ ಸಾಲೊಂದನ್ನು ಖರ್ಚು ಮಾಡುವುದು ಬೇಡ.

ಕಪ್ಪು ಕೋಟು

ಒಪ್ಪಿದೆ. ತೀರ್ಪಿನ ಸಾರಾಂಶವನ್ನು ಎಂದೋ ಓದಿದ್ದೆ, ಈಗ ಮತ್ತೆ ತೆಗೆದು ನೋಡಿದೆ. ನಿಷೇಧ ಇರುವುದು ಹೆಸರಿಗೆ ಅಂಟಿಸುವುದಕ್ಕೆ ಮಾತ್ರ. ಆದರೆ ‘ಡಾ.’ ಎಂದಿದ್ದನ್ನೆಲ್ಲ ಹಾಗೆಯೇ ಒಪ್ಪಬೇಡಿ. ಪದವಿ ಕೊಡುವ ಅಧಿಕಾರ ಯಾರಿಗಿದೆ ಎಂಬುದನ್ನು 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಶಾಸನದಿಂದ ಸ್ಥಾಪಿತವಾದ ಅಥವಾ ಮಾನಿತ ವಿಶ್ವವಿದ್ಯಾಲಯಗಳಿಗೆ ಮತ್ತು ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಅದು ಇದೆ. ಹೋಟೆಲಿನ ಸಭಾಂಗಣದಲ್ಲಿ ಯಾವುದೋ ಸಂಸ್ಥೆ ಗೌನು ತೊಡಿಸಿ ಕೊಡುವ ಗೌರವ ಡಾಕ್ಟರೇಟಿಗೆ ಈ ಬಲವಿಲ್ಲ. ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಕೇಳಿದರೆ ವಿಷಯ ತಿಳಿಯುತ್ತದೆ.

ಹೊಸ ಕಥೆಗಾರ

ಸ್ಪರ್ಧೆಗಳಿಗೆ ಕಥೆ ಕಳುಹಿಸುವವನಾಗಿ ನನ್ನ ಅನುಭವವನ್ನು ಹೇಳುತ್ತೇನೆ. ಪರಿಚಯ ಎಷ್ಟೇ ಚೆನ್ನಾಗಿರಲಿ, ನನ್ನ ಕಥೆಯನ್ನು ಅವರೇ ಓದುತ್ತಾರೆಯೇ ಎಂಬುದು ನನ್ನ ಮುಖ್ಯ ಪ್ರಶ್ನೆ. ಒಮ್ಮೆ ನಾನು ತುಂಬ ಗೌರವಿಸುವ ಕಥೆಗಾರರ ಹೆಸರನ್ನು ತೀರ್ಪುಗಾರರ ಜಾಗದಲ್ಲಿ ನೋಡಿ, ಅವರ ಕಣ್ಣಿಗೆ ಬೀಳಲೆಂದೇ ಕಥೆ ಕಳುಹಿಸಿದ್ದೆ. ಬಂದಿದ್ದ ಮುನ್ನೂರಕ್ಕೂ ಹೆಚ್ಚು ಕಥೆಗಳನ್ನು ಮೊದಲು ಕಚೇರಿಯಲ್ಲಿ ಬೇರೆಯವರು ಜರಡಿ ಹಿಡಿದು, ಇಪ್ಪತ್ತು ಕಥೆಗಳನ್ನು ಮಾತ್ರ ಅವರಿಗೆ ಕೊಟ್ಟಿದ್ದರೆಂದು ಆಮೇಲೆ ತಿಳಿಯಿತು. ನನ್ನ ಕಥೆ ಆ ಇಪ್ಪತ್ತರಲ್ಲಿ ಇರಲಿಲ್ಲ. ಆರಿಸಿದವರು ಯಾರೆಂಬುದು ಪ್ರಕಟಣೆಯಲ್ಲಿ ಎಲ್ಲಿಯೂ ಇರಲಿಲ್ಲ. ನನಗಾದ ಬೇಸರ ಸೋಲಿನದಲ್ಲ. ಅವರ ಹೆಸರನ್ನು ನಂಬಿ ಕಳುಹಿಸಿದ ಕಥೆ ಅವರನ್ನು ತಲುಪಲೇ ಇಲ್ಲ ಎಂಬುದರದು.

ನೀಲಿ ಶಾಯಿ

ನಿಮ್ಮ ಮಾತು ನನಗೆ ನಾಟಿತು, ಏಕೆಂದರೆ ನಾವೂ ಹಾಗೆಯೇ ಮಾಡುತ್ತಿದ್ದೆವು. ಅಷ್ಟು ಕಥೆಗಳನ್ನು ಒಬ್ಬ ಹಿರಿಯ ತೀರ್ಪುಗಾರರು ಒಂದು ತಿಂಗಳಲ್ಲಿ ಓದಿ ಮುಗಿಸುವುದು ಸಾಧ್ಯವಾಗುತ್ತಿರಲಿಲ್ಲ. ಹಾಗಾಗಿ ಮೊದಲ ಸುತ್ತಿನ ಆಯ್ಕೆ ನಮ್ಮ ಮೇಜಿನ ಮೇಲೆಯೇ ನಡೆಯುತ್ತಿತ್ತು. ಅದರಲ್ಲಿ ತಪ್ಪಿಲ್ಲ, ಅದನ್ನು ಹೇಳದೆ ಇರುವುದು ತಪ್ಪು. ಕಾರ್ಯದರ್ಶಿಗಳೇ, ಮೊದಲ ಸುತ್ತಿನ ಆಯ್ಕೆಯನ್ನು ಬಳಗದವರು ಮಾಡುವುದಾದರೆ ಮೂವರ ಪರಿಚಯದ ಕೆಳಗೆ ‘ಮೊದಲ ಸುತ್ತಿನಲ್ಲಿ ಆಯ್ಕೆಯಾದ ಕಥೆಗಳನ್ನು ಈ ಮೂವರೂ ಓದಿ ಅಂಕ ಕೊಡುತ್ತಾರೆ’ ಎಂಬ ಒಂದು ಸಾಲು ಸೇರಿಸಿ. ಎಲ್ಲವನ್ನೂ ಅವರೇ ಓದುವುದಾದರೆ ಅದನ್ನೇ ಬರೆಯಿರಿ. ಅದಕ್ಕಿಂತ ಬಲವಾದ ಪರಿಚಯ ಬೇರೆ ಇಲ್ಲ.

ಮುಂಬೈಯಿಂದ

ನನ್ನನ್ನು ಇಲ್ಲಿಯ ಕನ್ನಡ ಸಂಘವೊಂದು ಎರಡು ಬಾರಿ ತೀರ್ಪುಗಾರಳಾಗಿ ಕರೆದಿತ್ತು. ನಾನು ಕಳುಹಿಸಿದ ಪರಿಚಯವನ್ನು ಅವರು ಚಿಕ್ಕದು ಮಾಡುವಾಗ, ಅನುವಾದಕಿ ಎಂಬುದನ್ನು ತೆಗೆದು ‘ಖ್ಯಾತ ಸಾಹಿತಿ’ ಎಂದು ಹಾಕಿದರು. ನನ್ನ ಇಪ್ಪತ್ತು ವರ್ಷದ ಕೆಲಸವೆಲ್ಲ ಮರಾಠಿಯಿಂದ ಕನ್ನಡಕ್ಕೆ ತಂದ ಕಥೆಗಳದ್ದು. ಒಂದು ಕಥೆಯ ಪ್ರತಿ ವಾಕ್ಯವನ್ನೂ ಬಿಚ್ಚಿ ಮತ್ತೆ ಜೋಡಿಸಿದವಳು ಎಂಬುದೇ ಕಥೆಗಳನ್ನು ಅಳೆಯಲು ನನಗಿದ್ದ ಅರ್ಹತೆ. ಆ ಒಂದು ಪದ ಹೋದದ್ದರಿಂದ ನನ್ನನ್ನು ಕರೆದ ಕಾರಣವೇ ಪ್ರಕಟಣೆಯಿಂದ ಮರೆಯಾಯಿತು. ಅಚ್ಚಿಗೆ ಕಳುಹಿಸುವ ಮೊದಲು ತಿದ್ದಿದ ಪ್ರತಿಯನ್ನು ನನಗೆ ಒಮ್ಮೆ ತೋರಿಸಿದ್ದರೆ ಸಾಕಿತ್ತು.

ಓದುಬಳಗದ ಕಾರ್ಯದರ್ಶಿ

ಎಲ್ಲರಿಗೂ ವಂದನೆಗಳು. ನೀಲಿ ಶಾಯಿಯವರ ಸಲಹೆಯಂತೆ ನಿನ್ನೆ ಸಂಜೆ ಆ ತೀರ್ಪುಗಾರರಿಗೆ ಫೋನ್ ಮಾಡಿ, ‘ಮೇಡಂ, ನಾಲ್ಕು ಪ್ರಶ್ನೆ ಕೇಳಬಹುದೇ?’ ಎಂದು ಕೇಳಿದೆ. ಅವರು ಸಂತೋಷದಿಂದಲೇ ಮಾತನಾಡಿದರು. 14 ಕೃತಿಗಳಲ್ಲಿ ಕಥಾಸಂಕಲನಗಳು ಮೂರು. ‘ಅಕಾಡೆಮಿ ಪ್ರಶಸ್ತಿ’ ಎಂದರೆ ಎರಡನೆಯ ಸಂಕಲನಕ್ಕೆ ಬಂದ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ. ‘ರಾಜ್ಯೋತ್ಸವ ಪ್ರಶಸ್ತಿ’ ಜಿಲ್ಲಾಡಳಿತ ಕೊಟ್ಟದ್ದು. ಕೊನೆಯಲ್ಲಿ ಅವರು ತಾವಾಗಿಯೇ, ‘ನಾಲ್ಕು ವರ್ಷ ಅಂತರ ಕಾಲೇಜು ಕಥಾ ಸ್ಪರ್ಧೆಗೆ ತೀರ್ಪುಗಾರಳಾಗಿದ್ದೆ, ಪ್ರತಿ ಕಥೆಗೂ ಅರ್ಧ ಪುಟ ಟಿಪ್ಪಣಿ ಬರೆದು ಹುಡುಗರಿಗೆ ಕೊಡುತ್ತಿದ್ದೆ, ಅದನ್ನೆಲ್ಲ ಹಾಕುತ್ತಾರೇನಪ್ಪ?’ ಎಂದು ಕೇಳಿದರು. ಅದನ್ನೇ ಹಾಕಬೇಕೆಂದು ನನಗೆ ಆಗ ಅನ್ನಿಸಿತು.

ನನ್ನ ಕರಡು ಹೀಗಿದೆ:

‘ಮೂರು ಕಥಾಸಂಕಲನಗಳನ್ನು ಪ್ರಕಟಿಸಿರುವ, ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ ಪಡೆದಿರುವ, 28 ವರ್ಷ ಕನ್ನಡ ಅಧ್ಯಾಪಕರಾಗಿದ್ದು ನಿವೃತ್ತರಾಗಿರುವ ಹಾಗೂ ನಾಲ್ಕು ವರ್ಷ ಅಂತರ ಕಾಲೇಜು ಕಥಾ ಸ್ಪರ್ಧೆಯ ತೀರ್ಪುಗಾರರಾಗಿ ಅನುಭವವುಳ್ಳ ಹಿರಿಯ ಕಥೆಗಾರ್ತಿ.’

ನೀಲಿ ಶಾಯಿ

ಸಂಗತಿಗಳೆಲ್ಲ ಸರಿಯಾಗಿವೆ, ವಾಕ್ಯ ಮಾತ್ರ ಸರಿಯಾಗಿಲ್ಲ. ‘ಪ್ರಕಟಿಸಿರುವ’, ‘ಪಡೆದಿರುವ’, ‘ನಿವೃತ್ತರಾಗಿರುವ’ ಎಂದು ವಿಶೇಷಣಗಳನ್ನು ಹೆಣೆಯುತ್ತ ಹೋದರೆ ಯಾರನ್ನು ಕುರಿತ ಮಾತು ಎಂಬುದು ಕೊನೆಯ ಪದದವರೆಗೆ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಓದುವವರು ಅಲ್ಲಿಯವರೆಗೆ ಕಾಯುವುದಿಲ್ಲ. ಹೆಸರು ಮೇಲೆ ದೊಡ್ಡ ಅಕ್ಷರದಲ್ಲಿ ಇದ್ದೇ ಇದೆ. ಆದ್ದರಿಂದ ‘ಕಥೆಗಾರ್ತಿ’ ಎಂಬ ಒಂದೇ ಪದದಿಂದ ಆರಂಭಿಸಿ, ಆಮೇಲೆ ಒಂದೊಂದು ಸಂಗತಿಗೆ ಒಂದೊಂದು ಕ್ರಿಯಾಪದ ಕೊಡಿ. ನಾನು ಹೀಗೆ ಬರೆಯುತ್ತಿದ್ದೆ:

‘ಕಥೆಗಾರ್ತಿ. ——— ಸೇರಿದಂತೆ ಮೂರು ಕಥಾಸಂಕಲನಗಳು ಪ್ರಕಟವಾಗಿವೆ. ——— ಸಂಕಲನಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ ದೊರೆತಿದೆ. ನಾಲ್ಕು ವರ್ಷ ಅಂತರ ಕಾಲೇಜು ಕಥಾ ಸ್ಪರ್ಧೆಯ ತೀರ್ಪುಗಾರರಾಗಿ, ಓದಿದ ಪ್ರತಿ ಕಥೆಗೂ ಲಿಖಿತ ಟಿಪ್ಪಣಿ ಕೊಟ್ಟಿದ್ದಾರೆ.’

28 ವರ್ಷದ ಅಧ್ಯಾಪನವನ್ನು ಬಿಟ್ಟಿದ್ದೇನೆ. ಬಿಡುವಾಗ ಕೈ ಹಿಂಜರಿಯಿತು, ಅದು ಒಂದು ಜೀವಮಾನದ ಕೆಲಸ. ಆದರೆ ಟಿಪ್ಪಣಿಯ ವಾಕ್ಯ ಬಂದ ಮೇಲೆ ಇವರು ಕಲಿಸಿದವರು ಎಂಬುದು ಹೇಳದೆಯೇ ಹೊಳೆಯುತ್ತದೆ. ಜಿಲ್ಲಾ ಮಟ್ಟದ ರಾಜ್ಯೋತ್ಸವ ಪ್ರಶಸ್ತಿಯನ್ನೂ ಬಿಡಿ. ‘ಜಿಲ್ಲಾ’ ಎಂದು ಸೇರಿಸದಿದ್ದರೆ ಸರ್ಕಾರ ನವೆಂಬರ್ ಒಂದರಂದು ಕೊಡುವ ರಾಜ್ಯ ಪ್ರಶಸ್ತಿಯೆಂದೇ ಓದುಗರು ತಿಳಿಯುತ್ತಾರೆ.

ಅಕಾಡೆಮಿಯ ವಿಷಯದಲ್ಲಿ ಇನ್ನೊಂದು ಮಾತು. ದೆಹಲಿಯ ಸಾಹಿತ್ಯ ಅಕಾಡೆಮಿಯನ್ನು ನಾವು ರೂಢಿಯಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಎನ್ನುತ್ತೇವೆ. ಅದರ ವಾರ್ಷಿಕ ಪ್ರಶಸ್ತಿ ಬೇರೆ, ಅನುವಾದಕ್ಕೆ ಕೊಡುವುದು ಬೇರೆ, 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರ ಬೇರೆ, 2011ರಿಂದ 35 ವರ್ಷದೊಳಗಿನವರಿಗೆ ಕೊಡುತ್ತಿರುವ ಯುವ ಪುರಸ್ಕಾರ ಬೇರೆ. ನಮ್ಮ ರಾಜ್ಯದ ಅಕಾಡೆಮಿಯಲ್ಲಿಯೂ ಗೌರವ ಪ್ರಶಸ್ತಿ, ಸಾಹಿತ್ಯಶ್ರೀ, ಪುಸ್ತಕ ಬಹುಮಾನ, ದತ್ತಿ ಬಹುಮಾನಗಳು ಪ್ರತ್ಯೇಕ. ‘ಅಕಾಡೆಮಿ ಪ್ರಶಸ್ತಿ’ ಎಂಬ ಎರಡು ಪದಗಳಲ್ಲಿ ಇವೆಲ್ಲವೂ ಕಲಸಿಹೋಗುತ್ತವೆ. ಪುಸ್ತಕ ಬಹುಮಾನವನ್ನು ಪುಸ್ತಕ ಬಹುಮಾನವೆಂದೇ ಕರೆದರೆ ಅದರ ಮರ್ಯಾದೆ ಕಡಿಮೆಯಾಗುವುದಿಲ್ಲ. ವರ್ಷ ಹಾಕುವುದಾದರೆ ‘ಸಾಲಿನ’ ಎಂದು ಬರೆಯಿರಿ. ಬಹುಮಾನದ ಸಾಲು ಒಂದು, ಘೋಷಣೆಯಾದ ವರ್ಷ ಇನ್ನೊಂದು ಆಗಿರುವುದು ಸಾಮಾನ್ಯ.

ಅಚ್ಚುಮನೆ

ನಾನು ಪೋಸ್ಟರು ವಿನ್ಯಾಸ ಮಾಡುವವನು. ಮೂವರ ಭಾವಚಿತ್ರ ಅಕ್ಕಪಕ್ಕ ಇದ್ದರೆ ಒಬ್ಬೊಬ್ಬರಿಗೆ ಸಿಗುವ ಅಗಲದಲ್ಲಿ ಸಾಲಿಗೆ ಮೂರೋ ನಾಲ್ಕೋ ಕನ್ನಡ ಪದಗಳು ಹಿಡಿಯುತ್ತವೆ, ಅಷ್ಟೆ. ಮೇಲಿನ ಪರಿಚಯ ಹಾಗೆ ಕೂರಿಸಿದರೆ ಏಳೆಂಟು ಸಾಲಾಗುತ್ತದೆ. ಭಾವಚಿತ್ರವನ್ನು ಎಡಗಡೆಗೆ ಇಟ್ಟು ಪರಿಚಯವನ್ನು ಬಲಗಡೆಗೆ ಉದ್ದಕ್ಕೆ ಹಾಕಿದರೆ ಮೂರು ಸಾಲಿನಲ್ಲಿ ಮುಗಿಯುತ್ತದೆ. ದಯವಿಟ್ಟು ಅಕ್ಷರ ಚಿಕ್ಕದು ಮಾಡಲು ಹೇಳಬೇಡಿ; ಒತ್ತಕ್ಷರಗಳು ಮೊಬೈಲಿನಲ್ಲಿ ಮುದ್ದೆಯಾಗಿ ಕಾಣುತ್ತವೆ.

ಹೊಸ ಕಥೆಗಾರ

ನೀಲಿ ಶಾಯಿಯವರ ಪರಿಚಯವನ್ನು ಓದಿದ ಮೇಲೆ ನಾನು ಕಥೆ ಕಳುಹಿಸುತ್ತಿದ್ದೆ. ಆದರೆ ಒಂದು ಸಂದೇಹ. ಸಂಕಲನದ ಹೆಸರನ್ನು ಕೊಟ್ಟರೆ ನಾವೆಲ್ಲ ಅದನ್ನು ಓದಿ, ಅವರಿಗೆ ಮೆಚ್ಚಿಗೆಯಾಗುವ ಬಗೆಯಲ್ಲಿಯೇ ಬರೆಯಲು ಹೊರಡುವುದಿಲ್ಲವೇ?

ಮುಂಬೈಯಿಂದ

ಆ ಅಪಾಯ ಇದೆ. ನನ್ನ ಎರಡನೆಯ ವರ್ಷದಲ್ಲಿ ಬಂದ ಕಥೆಗಳಲ್ಲಿ ಹಲವು, ನಾನು ಅನುವಾದಿಸಿದ ಕಥೆಗಳ ನೆರಳಿನಂತಿದ್ದವು. ಜೊತೆಗೆ ಇಬ್ಬರು ‘ನಮ್ಮವರ ಕಥೆ ಬಂದಿದೆ, ನೋಡಿ’ ಎಂದು ಫೋನ್ ಮಾಡಿದರು. ನನ್ನ ಮಟ್ಟಿಗೆ ತೀರ್ಪುಗಾರರ ಹೆಸರನ್ನೂ ಪರಿಚಯವನ್ನೂ ಕಥೆ ಕಳುಹಿಸುವ ಕೊನೆಯ ದಿನ ಮುಗಿದ ಮೇಲೆಯೇ ಪ್ರಕಟಿಸುವುದು ಒಳ್ಳೆಯದು.

ನೀಲಿ ಶಾಯಿ

ಈ ಮಾತನ್ನು ನಾನು ಒಪ್ಪಲಾರೆ. ಹೆಸರು ಮಾಡಿದ ಪತ್ರಿಕೆಯ ಸ್ಪರ್ಧೆಗೆ ಅದು ಸರಿಹೋದೀತು, ಅಲ್ಲಿ ಪತ್ರಿಕೆಯ ಮೇಲಿನ ನಂಬಿಕೆಯಿಂದಲೇ ಕಥೆಗಳು ಬರುತ್ತವೆ. ಎರಡನೆಯ ವರ್ಷಕ್ಕೆ ಕಾಲಿಟ್ಟ ಬಳಗಕ್ಕೆ ತೀರ್ಪುಗಾರರ ಹೆಸರನ್ನು ಬಿಟ್ಟರೆ ಬೇರೆ ಬಂಡವಾಳವಿಲ್ಲ. ಫೋನ್ ಕರೆಗಳಿಗೆ ಕಥೆಯ ಮೇಲಿನ ಕ್ರಮಸಂಖ್ಯೆಯೇ ಅಡ್ಡಗೋಡೆ. ನೆರಳಿನಂಥ ಕಥೆಯನ್ನು ಗುರುತಿಸಿದ್ದೀರಿ ಎಂದರೆ ಅದಕ್ಕೆ ಬಹುಮಾನ ಕೊಟ್ಟಿರಲಾರಿರಿ.

ಮುಂಬೈಯಿಂದ

ಕೊಡಲಿಲ್ಲ, ನಿಜ. ಆದರೂ ಬೇರೆ ರೀತಿಯಲ್ಲಿ ಬರೆಯಬಲ್ಲವರು ಆ ವರ್ಷ ಕಳುಹಿಸದೆ ಉಳಿದರೇ ಎಂಬ ಪ್ರಶ್ನೆ ನನ್ನಲ್ಲಿ ಹಾಗೆಯೇ ಇದೆ.

ಓದುಬಳಗದ ಕಾರ್ಯದರ್ಶಿ

ಇದನ್ನು ಭಾನುವಾರದ ಸಭೆಯಲ್ಲಿ ಬಳಗದವರ ಮುಂದೆ ಇಡುತ್ತೇನೆ, ಅಲ್ಲಿಯೂ ಎರಡು ಪಕ್ಷಗಳಾಗುವ ಸಾಧ್ಯತೆಯಿದೆ. ಪರಿಚಯವನ್ನು ಶೀರ್ಷಿಕೆಗಳೊಡನೆ ಭರ್ತಿ ಮಾಡಿ ಇಂದು ಬೆಳಿಗ್ಗೆ ತೀರ್ಪುಗಾರರಿಗೆ ಕಳುಹಿಸಿದ್ದೆ. ಅವರು ಒಂದೇ ತಿದ್ದುಪಡಿ ಹೇಳಿದರು: ನಾಲ್ಕನೆಯ ವರ್ಷ ಅನಾರೋಗ್ಯದಿಂದ ಎಲ್ಲ ಕಥೆಗಳಿಗೂ ಟಿಪ್ಪಣಿ ಬರೆಯಲಾಗಲಿಲ್ಲವಂತೆ, ಆದ್ದರಿಂದ ‘ಪ್ರತಿ ಕಥೆಗೂ’ ಎಂಬುದನ್ನು ತೆಗೆಯಬೇಕಂತೆ. ‘ಕಥೆಗಳಿಗೆ ಲಿಖಿತ ಟಿಪ್ಪಣಿ ಕೊಟ್ಟಿದ್ದಾರೆ’ ಎಂದು ಬದಲಿಸಿದ್ದೇನೆ. ಉಳಿದಿಬ್ಬರಿಗೆ ಇಂದು ಸಂಜೆ ಫೋನ್ ಮಾಡುತ್ತೇನೆ. ಅವರಲ್ಲೊಬ್ಬರು ಕವಿ, ಕಥಾಸಂಕಲನ ಒಂದೂ ಇಲ್ಲ. ಅವರ ಮೂರು ಸಾಲಿಗೆ ಏನು ಕೇಳಬೇಕೆಂದು ಯೋಚಿಸುತ್ತಿದ್ದೇನೆ.

ನೀಲಿ ಶಾಯಿ

ಅವರನ್ನು ನೀವು ಕರೆದದ್ದೇಕೆ ಎಂದು ಮೊದಲು ಬಳಗದವರನ್ನೇ ಕೇಳಿ. ಆ ಉತ್ತರವನ್ನು ಇಲ್ಲಿ ಹಾಕಿ, ನಂತರ ನೋಡೋಣ.